ಸ್ಕೇಲಿಟ್ಟು ಅಳೆದ ವೇಗೋತ್ಕರ್ಷ: ಇಳಿಜಾರಿನ ಮರದ ತುಂಡು, ನನ್ನ ಅನುಭವ

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ನಕ್ಕೇಬಿಟ್ಟಿದ್ದರು. "ಸ್ಕೇಲ್ ಇಟ್ಟು ಅಳದ್ರ ಅದು ಫಿಸಿಕ್ಸ್ ಏನ್ರಿ? ಡ್ರಾಯಿಂಗ್ ಕ್ಲಾಸ್ ಆಯ್ತದು." ಹೋದ ತಿಂಗಳು ಅವರೇ ನನ್ನ ಮಾಳಿಗೆಗೆ ಬಂದು ನೋಡಿ ಹೋದರು, ಅದಕ್ಕೇ ಬರೆಯುತ್ತಿದ್ದೇನೆ.

ಪಿಯು ಹುಡುಗರಿಗೆ ಒರಟು ಇಳಿಜಾರಿನ ಲೆಕ್ಕದಲ್ಲಿ ಎಲ್ಲಿ ಎಡವಟ್ಟಾಗುತ್ತದೆ ಅಂತ ನಿಮಗೂ ಗೊತ್ತು. mg ಬಾಣ ಹಾಕುತ್ತಾರೆ, ಅದನ್ನು ಒಡೆದ ತುಂಡುಗಳನ್ನೂ ಪಕ್ಕದಲ್ಲಿ ಬೇರೆ ಬಲಗಳಂತೆ ಹಾಕುತ್ತಾರೆ. ತೂಕ ಎರಡು ಸಲ ಎಣಿಕೆಯಾಯಿತು. ಇನ್ನು ಚಿತ್ರವನ್ನು 45 ಡಿಗ್ರಿಗೆ ಬರೆಯುವ ಚಾಳಿ. ಅಲ್ಲಿ ಸೈನ್, ಕೊಸೈನ್ ಅದಲುಬದಲಾದರೂ ಗೊತ್ತೇ ಆಗುವುದಿಲ್ಲ, ಎರಡೂ ಒಂದೇ. ನನ್ನ ಕ್ಲಾಸಿನಲ್ಲಿ 45 ಬರೆದರೆ ಹಾಳೆ ವಾಪಸ್.

ನಾನು ಮಾಡಿದ್ದು ಇಷ್ಟು. mg ಬಾಣವನ್ನು ಸರಿಯಾಗಿ 9.8 ಸೆಂ.ಮೀ. ಉದ್ದ ನೆಟ್ಟಗೆ ಕೆಳಗೆ ಎಳೆಯುವುದು, A ಯಿಂದ B ಗೆ. A ಮೂಲಕ ಇಳಿಜಾರಿಗೆ ಸಮಾನಾಂತರವಾಗಿ ಒಂದು ಗೆರೆ. ಆಮೇಲೆ ಮೇಲ್ಮೈ ಲಂಬವಾಗಿ ಒತ್ತುವ ಬಲ N ಬೇರೆ, ಘರ್ಷಣೆ ಬೇರೆ ಅಂತ ಬರೆಯುವುದಿಲ್ಲ. ಎರಡೂ ಕೊಡುವುದು ಆ ಇಳಿಜಾರೇ ತಾನೆ, ಕೂಡಿಸಿ ಒಂದೇ ಬಾಣ. ಅದು ಇಳಿಜಾರಿನ ಲಂಬದಿಂದ ಘರ್ಷಣೆಯ ಕೋನದಷ್ಟು ಮೇಲ್ಗಡೆ ವಾಲಿರುತ್ತದೆ. B ಯಿಂದ ಆ ವಾಲಿದ ಗೆರೆ ಎಳೆಯಿರಿ, A ಯ ಗೆರೆಯನ್ನು C ಯಲ್ಲಿ ಮುಟ್ಟುತ್ತದೆ. AC ಎಷ್ಟು ಸೆಂ.ಮೀ. ಇದೆಯೋ ವೇಗೋತ್ಕರ್ಷ ಅಷ್ಟು ಮೀ/ಸೆ². ಒಬ್ಬ ಹುಡುಗಿ ಕೇಳಿದಳು, "ಸರ, ತೂಕ ಎಷ್ಟಂತ ಹೇಳ್ಳೇ ಇಲ್ಲಲ್ರೀ?" ಬೇಕಾಗೇ ಇಲ್ಲ, ಎಲ್ಲ ಬಾಣಗಳನ್ನೂ m ನಿಂದ ಭಾಗಿಸಿ ಬರೆದಾಗಿದೆ.

ಕಾಗದದ ಮೇಲೆ ಬಂದದ್ದು ಕಲ್ಲಿನ ಮೇಲೂ ಬರಬೇಕಲ್ಲ. ನಾಲ್ಕು ಅಡಿಯ ಶಹಾಬಾದ್ ಕಲ್ಲಿನ ಪರ್ಸಿ ತಂದೆ, ಆಟೋ ಬಾಡಿಗೆ ಸೇರಿ ಮುನ್ನೂರು ಚಿಲ್ಲರೆ ಬಿತ್ತು. ಕೋನ ಅಳೆಯಲು ಹನ್ನೆರಡು ನೂರು ಕೊಟ್ಟು ಡಿಜಿಟಲ್ ಯಂತ್ರ ಕೊಂಡದ್ದು ದಂಡ, ಎರಡೇ ವಾರಕ್ಕೆ ಕೆಟ್ಟಿತು. ಈಗ ಹದಿನೈದು ರೂಪಾಯಿಯ ಕೋನಮಾಪಕಕ್ಕೆ ದಾರ ಕಟ್ಟಿ ನಟ್ಟು ತೂಗುಬಿಟ್ಟಿದ್ದೇನೆ, ಅದೇ ವಾಸಿ.

ಮೊದಲ ತಿಂಗಳು ಲೆಕ್ಕ ಕೂಡಲೇ ಇಲ್ಲ. ಪರ್ಸಿಯನ್ನು ನಿಧಾನ ಎತ್ತುತ್ತ ಹೋದರೆ ಮರದ ತುಂಡು 22 ಡಿಗ್ರಿ ಹತ್ತಿರ ಜಾರುತ್ತಿತ್ತು. ಅದನ್ನೇ ಘರ್ಷಣೆಯ ಕೋನ ಅಂತ ಹಿಡಿದು 30 ಡಿಗ್ರಿ ಇಳಿಜಾರಿಗೆ ಬರೆದೆ. AC ಒಂದೂವರೆ ಸೆಂ.ಮೀ. ಬಂತು. ಒಂದು ಮೀಟರ್ ಜಾರಿಸಿ ಮೊಬೈಲ್ ವಿಡಿಯೋದಲ್ಲಿ ಫ್ರೇಮ್ ಎಣಿಸಿದರೆ ಸುಮಾರು 29, ಸೆಕೆಂಡಿಗೆ 30ರ ಲೆಕ್ಕದಲ್ಲಿ 0.97 ಸೆಕೆಂಡ್. ಅಂದರೆ 2.1 ಮೀ/ಸೆ². ಎಲ್ಲಿಯ ಒಂದೂವರೆ, ಎಲ್ಲಿಯ ಎರಡು! ಹಿರಿಯರು ನಕ್ಕದ್ದು ಆಗಲೇ.

ತಪ್ಪು ಚಿತ್ರದ್ದಲ್ಲ, ನನ್ನದು. 22 ಅನ್ನುವುದು ನಿಂತ ತುಂಡು ಹೊರಡುವ ಕೋನ. ಓಡುತ್ತಿರುವ ತುಂಡಿಗೆ ಘರ್ಷಣೆ ಕಡಿಮೆ. ಹಾಗಾಗಿ ಬೆರಳಲ್ಲಿ ಮೆಲ್ಲಗೆ ತಟ್ಟಿ, ತಟ್ಟಿದ ಮೇಲೆ ನಿಲ್ಲದೆ, ಜೋರೂ ಆಗದೆ ಒಂದೇ ಸಮ ಜಾರುವ ಕೋನ ಹುಡುಕಿದೆ. 17 ಸಿಕ್ಕಿತು. ಮತ್ತೆ ಬರೆದೆ, AC 2.3 ಸೆಂ.ಮೀ. ಕಲ್ಲು ಹೇಳಿದ 2.1ಕ್ಕೆ ಇಷ್ಟು ಹತ್ತಿರ ಬಂದದ್ದು ನನಗಂತೂ ಸಾಕು. ಒಂದು ಫ್ರೇಮ್ ಆಚೀಚೆ ಆದರೇ 0.15ರಷ್ಟು ಹೋಗುತ್ತದೆ. ತುಂಡಿನ ಅಡಿಭಾಗವನ್ನು ಪ್ರತಿ ಸಲ ಒಂದೇ ಥರ ಇಡಲು ನಾನೇನು ಮಾಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಇಳಿಜಾರು ತೀರ ಕಡಿಮೆ ಮಾಡಬೇಡಿ. 20 ಡಿಗ್ರಿಗೆ AC ಅರ್ಧ ಸೆಂ.ಮೀ. ಅಷ್ಟೇ, ಕೋನ ಒಂದು ಡಿಗ್ರಿ ತಪ್ಪಿದರೆ ಉತ್ತರದ ಮೂರನೇ ಒಂದು ಪಾಲು ಹೋಯಿತು. 30ಕ್ಕೆ ಅದೇ ತಪ್ಪಿಗೆ ನೂರಕ್ಕೆ ಎಂಟು. ಪೆನ್ಸಿಲ್ ಮೊನೆ ದಪ್ಪವಿದ್ದರೂ ಇದೇ ಕಥೆ.

ನಡುವೆ ಒಂದು ಹುಚ್ಚಾಟ: ಪರ್ಸಿ ಮೇಲೆ ಇಡೀ ತೊಗರಿಕಾಳು ಹರವಿ ತುಂಡು ಬಿಟ್ಟೆ. ಸುಂಯ್ ಅಂತ ಹೋಗಿ ಗೋಡೆಗೆ ಬಡಿಯಿತು. ಕಾಳು ಉರುಳುವಾಗ ನಮ್ಮ ಚಿತ್ರ ನಡೆಯುವುದಿಲ್ಲ. ಚೆಲ್ಲಿದ ತೊಗರಿ ಆರಿಸಿದವರು ಮನೆಯವರು, ಆಮೇಲೆ ಎರಡು ದಿನ ಮಾತಿಲ್ಲ.

ಹಿರಿಯರು ಬಂದ ದಿನ ತುಂಡನ್ನು ಕೆಳಗಿನಿಂದ ಮೇಲಕ್ಕೆ ದಬ್ಬಿ ತೋರಿಸಿದೆ. ಆಗ ಘರ್ಷಣೆ ಕೆಳಮುಖ, B ಯಿಂದ ಹೊರಡುವ ಗೆರೆಯೂ ಆಚೆ ವಾಲುತ್ತದೆ, AC ಏಳೂವರೆ. ಅವರು ನನ್ನ ಕೈಯಿಂದ ಸ್ಕೇಲ್ ಕಸಿದುಕೊಂಡು ತಾವೇ ಎರಡು ಸಲ ಅಳೆದರು. ಹೋಗುವಾಗ ಕೇಳಿದ್ದು ಒಂದೇ: "ಪರ್ಸಿ ಯಾವ ಅಂಗಡ್ಯಾಗ ತಂದ್ರಿ?"