ಮಳೆಗಾಲದ ಚಪ್ಪಲಿ ಖಾಲಿಯಾಗಲಿ, ಹಬ್ಬದ ಮಾಲಿನ ಬೆಲೆ ನಿಲ್ಲಲಿ: ಕ್ಲಿಯರೆನ್ಸ್ ಸೇಲ್ ಬರಹ ಬರೆಯುವುದು ಹೇಗೆ?

ಶಿವಮೊಗ್ಗದಲ್ಲಿ ಒಂದು ಚಪ್ಪಲಿ ಅಂಗಡಿ ಇದೆ ಎಂದುಕೊಳ್ಳಿ. ಮಳೆ ಹಿಂದೆ ಸರಿದಿದೆ. ಜೂನ್‌ಗೆ ಮೊದಲು ತರಿಸಿದ ಮಳೆ ಚಪ್ಪಲಿಯಲ್ಲಿ 48 ಜೊತೆ ಉಳಿದಿವೆ. ಇನ್ನೊಂದು ಕಡೆ ದಸರಾ, ದೀಪಾವಳಿಗೆಂದು ಹೊಸ ಮಾಲು ಬಂದು ಡಬ್ಬ ಬಿಚ್ಚುತ್ತಿದ್ದಾರೆ. ಹೊರಗಡೆ ಫ್ಲೆಕ್ಸ್ ತೂಗುಹಾಕಿದ್ದಾರೆ: 'ಮೆಗಾ ಕ್ಲಿಯರೆನ್ಸ್ ಸೇಲ್! 50% ವರೆಗೆ ರಿಯಾಯಿತಿ! ಎಲ್ಲ ಬಗೆಯ ಚಪ್ಪಲಿ, ಶೂ! ಷರತ್ತುಗಳು ಅನ್ವಯ.'

ಒಬ್ಬ ಹೆಂಗಸು ಒಳಗೆ ಬರುತ್ತಾರೆ. ನೇರವಾಗಿ ಹಬ್ಬದ ಹೊಸ ಸ್ಯಾಂಡಲ್ ಎತ್ತಿಕೊಂಡು ಗಲ್ಲಾಪೆಟ್ಟಿಗೆ ಹತ್ತಿರ ಬಂದು ಕೇಳುತ್ತಾರೆ, 'ಇದಕ್ಕೆ ಎಷ್ಟು ಕಮ್ಮಿ ಆಗುತ್ತೆ ಅಣ್ಣ?' ಇಲ್ಲ ಎಂದರೆ ಅವರಿಗೆ ಬೇಜಾರು. ಹೊರಗೆ ಬರೆದಿದ್ದನ್ನು ನಂಬಿ ಬಂದವರು ಅವರು. ಹ್ಞೂಂ ಎಂದರೆ ಅಂಗಡಿಗೆ ನಷ್ಟ. ಈ ಇಕ್ಕಟ್ಟನ್ನು ತಂದಿದ್ದು ಗಿರಾಕಿಯೂ ಅಲ್ಲ, ಮಾಲೂ ಅಲ್ಲ, ಫ್ಲೆಕ್ಸಿನ ಮೇಲಿನ ಬರಹ. ಅದನ್ನು ಸರಿಯಾಗಿ ಬರೆಯುವುದು ಹೇಗೆ ಎಂದು ಇದೇ ಅಂಗಡಿಯನ್ನು ಇಟ್ಟುಕೊಂಡು ನೋಡೋಣ.

ಬರೆಯುವ ಮೊದಲು ಒಂದು ಲೆಕ್ಕ

ಮಳೆ ಚಪ್ಪಲಿಯ ಎಂಆರ್‌ಪಿ 899 ರೂಪಾಯಿ, ಅಂಗಡಿಗೆ ಬಿದ್ದಿದ್ದು 540. ಅದನ್ನು 599ಕ್ಕೆ ಕೊಟ್ಟರೆ ಒಂದು ಜೊತೆಗೆ 59 ರೂಪಾಯಿ ಉಳಿಯುತ್ತದೆ. ಹಬ್ಬದ ಸ್ಯಾಂಡಲ್ 1,299 ರೂಪಾಯಿಯದು, ಬಿದ್ದಿದ್ದು 780. ಪೂರ್ತಿ ಬೆಲೆಗೆ ಹೋದರೆ 519 ಉಳಿಯುತ್ತದೆ. ಅದೇ ಸ್ಯಾಂಡಲ್‌ಗೆ ಗಿರಾಕಿಯ ಒತ್ತಾಯಕ್ಕೆ 30% ಕಳೆದರೆ ಸಿಗುವುದು 909, ಉಳಿಯುವುದು ಬರೀ 129. ಅಂದರೆ ಒಂದೇ ಜೊತೆಯಲ್ಲಿ 390 ರೂಪಾಯಿ ಹೋಯಿತು. ಅದನ್ನು ತುಂಬಿಕೊಳ್ಳಲು ಏಳು ಜೊತೆ ಮಳೆ ಚಪ್ಪಲಿ ಮಾರಬೇಕು. (ತೆರಿಗೆ ಬದಿಗಿಟ್ಟು ಹಾಕಿದ ಲೆಕ್ಕ ಇದು.)

ಇಡೀ ಸೇಲ್‌ನಲ್ಲಿ ಎಂಟು ಜನ ಹೀಗೆ ಹಬ್ಬದ ಮಾಲನ್ನು ಕಮ್ಮಿ ಬೆಲೆಗೆ ಒಯ್ದರೆ, 48 ಜೊತೆ ಮಳೆ ಚಪ್ಪಲಿ ಪೂರ್ತಿ ಖಾಲಿಯಾಗಿ ಬಂದ ಲಾಭಕ್ಕಿಂತ ಹೆಚ್ಚು ಹೊರಗೆ ಹೋಯಿತು. ಆದ್ದರಿಂದ ಕ್ಲಿಯರೆನ್ಸ್ ಬರಹಕ್ಕೆ ಎರಡು ಕೆಲಸ. ಉಳಿದ ಮಾಲಿಗೆ ಸರಿಯಾದ ಗಿರಾಕಿಯನ್ನು ಕರೆಯಬೇಕು. ಮಿಕ್ಕವರಿಗೆ 'ಇದು ನನಗಲ್ಲ, ಬೇರೆ ಮಾಲು ನೋಡೋಣ' ಅನ್ನಿಸಬೇಕು. ಎರಡನೆಯದನ್ನು ಬಹಳಷ್ಟು ಅಂಗಡಿಯವರು ಮರೆಯುತ್ತಾರೆ.

ದಿನ ಆರಿಸಿಕೊಳ್ಳಿ

ಆಷಾಢದಲ್ಲಿ ಬಟ್ಟೆ ಅಂಗಡಿಯವರು ಯಾಕೆ ಸೇಲ್ ಹಾಕುತ್ತಾರೆ? ಆ ತಿಂಗಳು ಮದುವೆ ಇರುವುದಿಲ್ಲ, ಪೂರ್ತಿ ಬೆಲೆಯ ವ್ಯಾಪಾರ ಹೇಗೂ ತಣ್ಣಗಿರುತ್ತದೆ. ರಿಯಾಯಿತಿ ಕೊಟ್ಟರೂ ಕಳೆದುಕೊಳ್ಳುವುದು ಕಡಿಮೆ. ನಮ್ಮ ಮಳೆ ಚಪ್ಪಲಿಗೆ ಅಂಥದ್ದೇ ಕಾಲ ಪಿತೃಪಕ್ಷ. ಆ ಹದಿನೈದು ದಿನ ಹೊಸದು ಕೊಳ್ಳಲು ತುಂಬಾ ಜನ ಹಿಂದೆಮುಂದೆ ನೋಡುತ್ತಾರೆ, ಹಬ್ಬದ ಖರೀದಿ ಶುರುವಾಗಿರುವುದಿಲ್ಲ. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ. ಸೇಲ್ ಅಮಾವಾಸ್ಯೆಯಂದು ಮುಗಿಯಬೇಕು. ನವರಾತ್ರಿಗೆ ಒಂದು ದಿನವೂ ದಾಟಬಾರದು.

ಗಿರಾಕಿಗೂ ಇದು ಸುಲಭವಾಗಿ ಅರ್ಥವಾಗುತ್ತದೆ. 'ಸ್ಟಾಕ್ ಇರುವವರೆಗೆ' ಎಂದು ಬರೆದರೆ ಯಾವತ್ತು ಮುಗಿಯುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. 'ಅಮಾವಾಸ್ಯೆ ರಾತ್ರಿ 9ಕ್ಕೆ ಮುಗಿಯುತ್ತದೆ' ಎಂದರೆ ಮನೆಯಲ್ಲಿ ಕ್ಯಾಲೆಂಡರ್ ನೋಡದೆಯೂ ತಿಳಿಯುತ್ತದೆ. ಪಕ್ಕದಲ್ಲಿ ತಾರೀಖನ್ನೂ ಹಾಕಿ.

ಹಳೇ ಬರಹದಲ್ಲಿ ತಪ್ಪಿದ್ದು ಎಲ್ಲಿ?

ಮೊದಲು '50% ವರೆಗೆ'. ಓದುವವರ ಕಣ್ಣಿಗೆ 50 ಕಾಣುತ್ತದೆ, 'ವರೆಗೆ' ಕಾಣುವುದಿಲ್ಲ. ಅದೂ ಅಲ್ಲದೆ ಶೇಕಡಾ ಲೆಕ್ಕ ಯಾವ ಚಪ್ಪಲಿಗೂ ಅಂಟಿಕೊಳ್ಳುವುದಿಲ್ಲ, ಇಡೀ ಅಂಗಡಿಯ ಮೇಲೆ ಹರಡಿಕೊಳ್ಳುತ್ತದೆ. ಒಮ್ಮೆ 50% ನೋಡಿದವರಿಗೆ 1,299ರ ಸ್ಯಾಂಡಲ್ ಕೂಡ 650ರದ್ದೇ ಅನ್ನಿಸತೊಡಗುತ್ತದೆ. '899ರದ್ದು 599' ಎಂದು ಬರೆಯಿರಿ. ಈ ಎರಡು ಅಂಕಿ ಆ ಒಂದು ಚಪ್ಪಲಿಗೆ ಮಾತ್ರ ಸೇರುತ್ತವೆ.

ಆಮೇಲೆ 'ಎಲ್ಲ ಬಗೆಯ'. ಇದು ಸುಳ್ಳು, ಮತ್ತು ದುಬಾರಿ ಸುಳ್ಳು. ಮಾಲಿನ ಹೆಸರು ಹೇಳಿ. ಅಂಗಡಿಯವರು 'ಕಟ್ ಸೈಜ್' ಅನ್ನುತ್ತಾರಲ್ಲ, ನಡುವಿನ ಸೈಜು ಖರ್ಚಾಗಿ ಅಂಚಿನ ಸೈಜು ಉಳಿಯುವುದು, ಅದನ್ನು ಮುಚ್ಚಿಡಬೇಡಿ, ತಲೆಬರಹದ ಕೆಳಗೇ ಬರೆಯಿರಿ. ನಮ್ಮ 48 ಜೊತೆಯಲ್ಲಿ ಹೆಂಗಸರದು 4ನೇ ಸೈಜು 11, 8ನೇ ಸೈಜು 9. ಗಂಡಸರದು 6ನೇ ಸೈಜು 16, 10ನೇ ಸೈಜು 12. 6ನೇ ಸೈಜಿನ ಹೆಂಗಸು ಇದನ್ನು ಓದಿದ ಕೂಡಲೇ ಸೇಲ್ ತನಗಲ್ಲ ಎಂದು ತಿಳಿದುಕೊಳ್ಳುತ್ತಾರೆ. 8ನೇ ಸೈಜಿನವರು ಯಾವಾಗಲೂ 'ನಿಮ್ಮ ಸೈಜು ಇಲ್ಲಮ್ಮ' ಎಂದು ಕೇಳಿಸಿಕೊಂಡು ಬೇಸತ್ತವರು. ಅವರು ಖುಷಿಯಿಂದ ಬರುತ್ತಾರೆ. ಸೈಜು ಬರೆಯುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಒಳ್ಳೆಯ ಬೇಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ 'ಷರತ್ತುಗಳು ಅನ್ವಯ'. ಯಾವ ಷರತ್ತು? 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಜಾಹೀರಾತು ಮಾರ್ಗಸೂಚಿಯ ಪ್ರಕಾರ ಇಂಥ ಸೂಚನೆಯ ಭಾಷೆ, ಅಕ್ಷರ ಎರಡೂ ಜಾಹೀರಾತಿನ ಮಾತಿನ ಹಾಗೆಯೇ ಇರಬೇಕು, ಎದ್ದು ಕಾಣಬೇಕು. ಕಮ್ಮಿ ಬೆಲೆ ತೋರಿಸಿ ಕರೆದು, ಆ ಬೆಲೆಗೆ ಕೊಡಲು ಸಾಕಷ್ಟು ಮಾಲು ಇಡದಿರುವುದಕ್ಕೂ ಅದರಲ್ಲಿ ತಡೆ ಇದೆ. ಎಷ್ಟು ಜೊತೆ, ಯಾವ ಸೈಜು ಎಂದು ಬರೆದುಬಿಟ್ಟರೆ ಈ ತಲೆನೋವೂ ಇಲ್ಲ.

ಹೊಸ ಬರಹ

ಈಗ ಅದೇ ಫ್ಲೆಕ್ಸ್ ಹೀಗಾಗುತ್ತದೆ:

'ಮಳೆ ಹೋಯಿತು, ಮಳೆ ಚಪ್ಪಲಿ 48 ಜೊತೆ ಉಳಿದಿವೆ.
899ರದ್ದು 599.
ಹೆಂಗಸರದು 4 ಮತ್ತು 8ನೇ ಸೈಜು. ಗಂಡಸರದು 6 ಮತ್ತು 10ನೇ ಸೈಜು. ಬೇರೆ ಸೈಜು ಮುಗಿದಿವೆ.
ಕೆಂಪು ಚೀಟಿ ಇರುವ ಜೊತೆಗಳಿಗೆ ಮಾತ್ರ. ಬಾಗಿಲ ಎಡಗಡೆಯ ರ್ಯಾಕ್ ನೋಡಿ.
ಮಹಾಲಯ ಅಮಾವಾಸ್ಯೆ ರಾತ್ರಿ 9ಕ್ಕೆ ಮುಗಿಯುತ್ತದೆ.
ಹಬ್ಬದ ಹೊಸ ಸ್ಯಾಂಡಲ್ ಬಂದಿವೆ, ಎಲ್ಲ ಸೈಜೂ ಇದೆ, 1,299ರಿಂದ.'

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 'ಹೊಸ ಮಾಲಿಗೆ ರಿಯಾಯಿತಿ ಇಲ್ಲ' ಎಂದು ಬರೆದಿಲ್ಲ. ಹಾಗೆ ಬರೆದರೆ ಬಾಗಿಲಲ್ಲೇ ಗದರಿದ ಹಾಗಿರುತ್ತದೆ. ಬದಲಿಗೆ ಹೊಸ ಮಾಲಿನ ಹೆಚ್ಚುಗಾರಿಕೆ ಹೇಳಿದೆ: ಎಲ್ಲ ಸೈಜೂ ಇದೆ. ಪೂರ್ತಿ ಬೆಲೆ ಕೊಡುವವರಿಗೆ ಸಿಗುವುದು ಅದೇ ಅಲ್ವಾ? ತಮ್ಮ ಅಳತೆ, ತಮಗೆ ಬೇಕಾದ ಬಣ್ಣ, ಹಬ್ಬದ ಮೊದಲೇ. ರಿಯಾಯಿತಿ ಯಾಕೆ ಎಂಬ ಕಾರಣವೂ ಮೊದಲ ಸಾಲಿನಲ್ಲೇ ಇದೆ. ಮಳೆ ಹೋಯಿತು, ಅದಕ್ಕೇ ಕಮ್ಮಿ. ಹಬ್ಬದ ಸ್ಯಾಂಡಲ್‌ಗೆ ಆ ಕಾರಣ ಹೊಂದುವುದೇ ಇಲ್ಲ, ಆದ್ದರಿಂದ ಚೌಕಾಸಿಗೆ ಎಳೆ ಸಿಗುವುದಿಲ್ಲ. ಬರೀ 'ಮೆಗಾ ಸೇಲ್' ಎಂದಿದ್ದರೆ ಯಾವ ಕಾರಣವೂ ಇರುತ್ತಿರಲಿಲ್ಲ.

ಕೆಂಪು ಚೀಟಿ ಅಂಟಿಸುವಾಗ ಜಾಗ್ರತೆ. ಡಬ್ಬದ ಮೇಲೆ ಅಚ್ಚಾದ 899ರ ಎಂಆರ್‌ಪಿಯನ್ನು ಚೀಟಿ ಮುಚ್ಚಬಾರದು. ಬೆಲೆ ಇಳಿಸಲು ಚೀಟಿ ಅಂಟಿಸಲು ಕಾನೂನಿನಲ್ಲಿ ಅವಕಾಶ ಇದೆ, ಮೂಲ ಬೆಲೆ ಕಾಣುತ್ತಿರಬೇಕು ಅಷ್ಟೆ. ವ್ಯಾಪಾರಕ್ಕೂ ಅದೇ ಒಳ್ಳೆಯದು. ಅಚ್ಚಾದ 899 ಕಂಡರೆ ತಾನೇ 599ಕ್ಕೆ ಬೆಲೆ?

'ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ' ಎಂಬ ಸಾಲನ್ನು ದಯವಿಟ್ಟು ಸೇರಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಎಂದೇ ಇದೆ. ಸೇಲ್ ಮಾಲು ಎಂದು ಅದಕ್ಕೆ ವಿನಾಯಿತಿ ಇಲ್ಲ.

ಯಾರಿಗೆ ಕಳಿಸಬೇಕು, ಯಾರಿಗೆ ಬೇಡ

ಇದೇ ಬರಹವನ್ನು ಇದ್ದಬದ್ದ ಎಲ್ಲ ನಂಬರಿಗೂ ವಾಟ್ಸ್ಯಾಪ್ ಮಾಡಬೇಡಿ. ಹೋದ ತಿಂಗಳಷ್ಟೇ ಅದೇ ಚಪ್ಪಲಿಯನ್ನು 899 ಕೊಟ್ಟು ಒಯ್ದವರಿಗೆ ಈ ಮೆಸೇಜ್ ಹೋದರೆ ಏನನ್ನಿಸಬಹುದು ಯೋಚಿಸಿ. ಮುಂದಿನ ವರ್ಷ ಅವರು ಜೂನ್‌ನಲ್ಲಿ ಕೊಳ್ಳುವುದಿಲ್ಲ, ಸೇಲ್‌ಗೆ ಕಾಯುತ್ತಾರೆ. ಬಿಲ್ ಪುಸ್ತಕದಲ್ಲಿ ಸೈಜು ಬರೆಯುವ ಅಭ್ಯಾಸ ಇದ್ದರೆ ಆ ನಾಲ್ಕು ಸೈಜಿನವರ ನಂಬರನ್ನಷ್ಟೇ ಆರಿಸಿ. ಅದರಲ್ಲೂ ಈ ಮಳೆಗಾಲದಲ್ಲಿ ಅದನ್ನೇ ಕೊಂಡವರನ್ನು ಬಿಡಿ. ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಸೇರುತ್ತಾರೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. 48 ಜೊತೆಗೆ ಅಷ್ಟು ಧಾರಾಳ.

ಮೆಸೇಜ್ ಇನ್ನೂ ಚಿಕ್ಕದಿರಲಿ: 'ಅಕ್ಕ, ನಿಮ್ಮ 8ನೇ ಸೈಜಿನಲ್ಲಿ ಮಳೆ ಚಪ್ಪಲಿ 9 ಜೊತೆ ಉಳಿದಿವೆ. 899ರದ್ದು 599ಕ್ಕೆ. ಅಮಾವಾಸ್ಯೆವರೆಗೆ ಇರುತ್ತೆ.'

ಅಂಗಡಿಯ ಹುಡುಗರ ಬಾಯಲ್ಲೂ ಅದೇ ಮಾತು

ಹೊರಗೆ ಎಷ್ಟು ಚೆನ್ನಾಗಿ ಬರೆದರೂ ಒಳಗೆ 'ನೋಡೋಣ ಬನ್ನಿ, ಸ್ವಲ್ಪ ಮಾಡ್ಕೊಡ್ತೀನಿ' ಎಂದುಬಿಟ್ಟರೆ ಮುಗಿಯಿತು. 'ಇದಕ್ಕೂ ಆಫರ್ ಇದೆಯಾ?' ಎಂದು ಕೇಳಿದಾಗ ಹೇಳಬೇಕಾದ್ದನ್ನು ಬರೆದು ಗಲ್ಲಾಪೆಟ್ಟಿಗೆ ಹಿಂದೆ ಅಂಟಿಸಿ: 'ಅಕ್ಕ, ಇದು ಹಬ್ಬಕ್ಕೆ ಬಂದ ಹೊಸ ಮಾಲು. ಆಫರ್ ಮಳೆ ಚಪ್ಪಲಿಗೆ ಮಾತ್ರ. ನಿಮ್ಮ ಸೈಜು ಎಷ್ಟು ಹೇಳಿ, ತೆಗೆದುಕೊಡ್ತೀನಿ.' ಸೈಜು ಕೇಳಿದ ಕೂಡಲೇ ಮಾತು ಬೆಲೆಯಿಂದ ಕಾಲಿನ ಕಡೆ ತಿರುಗುತ್ತದೆ.

ಈ ಪ್ರಶ್ನೆ ಎಷ್ಟು ಜನ ಕೇಳಿದರು ಎಂದು ಒಂದು ಚೀಟಿಯಲ್ಲಿ ಗೀಟು ಎಳೆಯುತ್ತಾ ಹೋಗಿ. ಬರಹ ಸರಿಯಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಂದ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಕೇಳಿದರೆ ಸೈಜಿನ ಸಾಲು ಅಥವಾ ಕೆಂಪು ಚೀಟಿಯ ಸಾಲು ಕಣ್ಣಿಗೆ ಬೀಳುತ್ತಿಲ್ಲ ಎಂದರ್ಥ. ಅಕ್ಷರ ದೊಡ್ಡದು ಮಾಡಿ. ಒಂದು ಸೈಜು ಮುಗಿದ ದಿನವೇ ಫ್ಲೆಕ್ಸಿನಲ್ಲಿ ಅದರ ಮೇಲೆ 'ಮುಗಿದಿದೆ' ಎಂದು ಪಟ್ಟಿ ಅಂಟಿಸಿ.

ಅಮಾವಾಸ್ಯೆ ರಾತ್ರಿ ಹನ್ನೊಂದು ಜೊತೆ ಉಳಿದರೂ ಫ್ಲೆಕ್ಸ್ ಇಳಿಸಿ. 'ಗಿರಾಕಿಗಳ ಒತ್ತಾಯದ ಮೇರೆಗೆ ವಿಸ್ತರಿಸಲಾಗಿದೆ' ಎಂದು ಒಂದು ಸಲ ಬರೆದರೆ ಮುಂದೆ ನೀವು ಹಾಕುವ ಯಾವ ತಾರೀಖನ್ನೂ ಜನ ನಂಬುವುದಿಲ್ಲ. ಉಳಿದವುಗಳ ಕೆಂಪು ಚೀಟಿ ಕಿತ್ತು ಗೋಡೌನ್‌ಗೆ ಕಳಿಸಿ. ಮುಂದಿನ ಮೇ ಕೊನೆಗೆ ಹೊಸ ಲಾಟಿನ ಜೊತೆ ಸೇರಿದರೆ ಅವು ಕಟ್ ಸೈಜ್ ಅಲ್ಲ, ಸೆಟ್ಟಿನ ಅಂಚಿನ ಸೈಜುಗಳು. ಪೂರ್ತಿ ಬೆಲೆಗೇ ಹೋಗುತ್ತವೆ. ಪಿಯು ಸೋಲ್ ಇರುವ ಜೊತೆಗಳನ್ನು ಮಾತ್ರ ಹೀಗೆ ವರ್ಷಗಟ್ಟಲೆ ಇಡಬೇಡಿ. ಮಲೆನಾಡಿನ ತೇವಕ್ಕೆ ಆ ಸೋಲ್ ಒಳಗೊಳಗೇ ಹಾಳಾಗುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಅದನ್ನು ಯಾವ ಬೆಲೆಗೂ ಮಾರಬೇಡಿ.