ಕಾರ್ಡ್ ತೋರಿಸಿದರೆ ಸಾಲದು: ಅಲರ್ಜಿ ಇದ್ದವರು ಪರಊರಲ್ಲಿ ಊಟ ಮಾಡುವುದು ಹೇಗೆ?

ತನಗೆ ಯಾವ ಪದಾರ್ಥ ಆಗದು ಅಂತ ಆ ಊರಿನ ಭಾಷೆಯಲ್ಲಿ ಬರೆದ ಅಲರ್ಜಿ ಕಾರ್ಡನ್ನು ಹೋಟೆಲಿನಲ್ಲಿ ತೋರಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಬಡಿಸುವವರು ಕಾರ್ಡ್ ನೋಡಿ ತಲೆಯಾಡಿಸುತ್ತಾರೆ. ಇವರು ನಿಶ್ಚಿಂತೆಯಿಂದ ಆರ್ಡರ್ ಕೊಡುತ್ತಾರೆ. ಒಲೆ ಮುಂದೆ ನಿಂತವರಿಗೆ ಮಾತ್ರ ವಿಷಯವೇ ಗೊತ್ತಿರುವುದಿಲ್ಲ. ನಾನು ನೋಡಿರುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಮೇಜಿಗೂ ಒಲೆಗೂ ನಡುವೆ ಆದಂಥವು. ತೀವ್ರ ಶೇಂಗಾ ಅಲರ್ಜಿ ಇರುವವರನ್ನು ಇಟ್ಟುಕೊಂಡು ಇಡೀ ಕ್ರಮ ಹೇಳುತ್ತೇನೆ. ಹಾಲು, ಮೊಟ್ಟೆ, ಎಳ್ಳು, ಸೀಗಡಿ ಆಗದವರು ಪದಾರ್ಥದ ಹೆಸರು ಬದಲಿಸಿಕೊಂಡರೆ ಸಾಕು.

1. ಕಾರ್ಡ್ ಬರೆಯಿರಿ

ಐದಾರು ಸಾಲು ಸಾಕು. ಅದಕ್ಕಿಂತ ಉದ್ದವಾದರೆ ಕೆಲಸದ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ಹೀಗೆ ಬರೆಯಬಹುದು:

"ನನಗೆ ಶೇಂಗಾದಿಂದ ಜೀವಕ್ಕೆ ಅಪಾಯವಾಗುವ ಅಲರ್ಜಿ ಇದೆ. ಚೂರೇ ಚೂರು ತಿಂದರೂ ಆಸ್ಪತ್ರೆಗೆ ಸೇರಬೇಕಾಗುತ್ತದೆ. ಇಡೀ ಕಾಳು, ಪುಡಿ, ಪೇಸ್ಟ್, ಎಣ್ಣೆ, ಸಾಸ್ ಯಾವ ರೂಪದಲ್ಲೂ ಶೇಂಗಾ ಇರಬಾರದು. ಶೇಂಗಾ ಮುಟ್ಟಿದ ಬಾಣಲೆ, ಸೌಟು, ಚಾಕು, ಎಣ್ಣೆ ಬಳಸಬೇಡಿ. ದಯವಿಟ್ಟು ಇದನ್ನು ಅಡುಗೆ ಮಾಡುವವರಿಗೆ ತೋರಿಸಿ. ಖಾತ್ರಿ ಇಲ್ಲದಿದ್ದರೆ 'ಆಗುವುದಿಲ್ಲ' ಎಂದು ಹೇಳಿ, ನನಗೆ ಬೇಸರವಿಲ್ಲ."

ಕೊನೆಯ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಬಂದವರಿಗೆ ಇಲ್ಲ ಅನ್ನುವುದು ಹೇಗೆ ಅನ್ನೋ ಸಂಕೋಚದಲ್ಲೇ ಎಷ್ಟೋ ಜನ "ಆಯ್ತು" ಅಂದುಬಿಡುತ್ತಾರೆ. ಇಲ್ಲ ಅನ್ನಲು ನೀವೇ ಒಪ್ಪಿಗೆ ಕೊಟ್ಟರೆ ನಿಜ ಹೊರಗೆ ಬರುತ್ತದೆ.

ಪಕ್ಕದಲ್ಲಿ ಶೇಂಗಾದ ಚಿತ್ರ ಹಾಕಿ, ಅದರ ಮೇಲೆ ಕೆಂಪು ಗೀಟು ಎಳೆಯಿರಿ. ಓದು ಬಾರದವರಿಗೂ ತಿಳಿಯುತ್ತದೆ.

2. ಅನುವಾದವನ್ನು ಪರೀಕ್ಷಿಸಿ

ಅನುವಾದ ಆ್ಯಪ್‌ನಿಂದ ಬಂದದ್ದನ್ನು ಹಾಗೇ ಅಚ್ಚು ಹಾಕಿಸಬೇಡಿ. ಆ ಭಾಷೆ ಬಲ್ಲ ಒಬ್ಬರಿಂದ ಬರೆಸಿ. ಮೂಲ ನೋಡದ ಇನ್ನೊಬ್ಬರ ಕೈಗೆ ಕೊಟ್ಟು "ಇದರಲ್ಲಿ ಏನಿದೆ, ಹೇಳಿ" ಅನ್ನಿ. ಅವರ ಬಾಯಲ್ಲಿ "ಇವರಿಗೆ ಶೇಂಗಾ ಇಷ್ಟವಿಲ್ಲ" ಅಂತ ಬಂದರೆ ಕಾರ್ಡ್ ಕೆಟ್ಟಿದೆ ಅಂತಲೇ ಲೆಕ್ಕ. ನಾಲ್ಕೈದು ಪ್ರತಿ ಕಾಗದದಲ್ಲೇ ಇಟ್ಟುಕೊಳ್ಳಿ. ಒದ್ದೆ ಕೈಯ ಅಡುಗೆಯವರಿಗೆ ಫೋನ್ ಕೊಟ್ಟರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಪರದೆ ಆರಿರುತ್ತದೆ.

3. ಜನ ತುಂಬುವ ಮೊದಲೇ ಹೋಗಿ

ಊಟದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋದರೆ ಅಡುಗೆಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಬಫೆ ಬೇಡವೇ ಬೇಡ. ಒಂದು ಪಾತ್ರೆಯ ಚಮಚ ಇನ್ನೊಂದಕ್ಕೆ ಹೋಗುವುದನ್ನು ಯಾರೂ ತಡೆಯಲಾರರು.

4. ಪ್ರಶ್ನೆ ಕೇಳಿ

ಎಲ್ಲರೂ ಮುಗ್ಗರಿಸುವ ಜಾಗ ಇದು. "ಇದರಲ್ಲಿ ಶೇಂಗಾ ಇಲ್ಲ ತಾನೆ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ನೀವೇ ಬಾಯಿಗೆ ಇಟ್ಟಂತೆ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಕೇಳಲೇಬೇಡಿ. ಏನು, ಯಾವುದು, ಹೇಗೆ ಅಂತ ಶುರುವಾಗುವ ಪ್ರಶ್ನೆ ಕೇಳಿ. ಆಗ ಅವರು ಯೋಚಿಸಲೇಬೇಕು, ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರಲೇಬೇಕು. ಈ ಪ್ರಶ್ನೆಗಳನ್ನೂ ಕಾರ್ಡಿನ ಹಿಂಭಾಗದಲ್ಲಿ ಆ ಭಾಷೆಯಲ್ಲೇ ಬರೆಸಿಡಿ.

ಕರಿದ ಆಲೂಗಡ್ಡೆ ತೆಗೆದುಕೊಳ್ಳಿ. ಆಲೂಗಡ್ಡೆ, ಉಪ್ಪು, ಎಣ್ಣೆ, ಅಷ್ಟೇ ಅಲ್ವಾ? ಮೊದಲ ಪ್ರಶ್ನೆ: ಯಾವ ಎಣ್ಣೆ? ಸೂರ್ಯಕಾಂತಿ ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಎರಡನೆಯದು: ಈ ಎಣ್ಣೆಯಲ್ಲಿ ಬೇರೆ ಏನೇನು ಕರಿಯುತ್ತೀರಿ? ಶೇಂಗಾ ಪುಡಿ ಹಚ್ಚಿದ ತಿಂಡಿಯನ್ನು ಬೆಳಿಗ್ಗೆ ಅದೇ ಎಣ್ಣೆಗೆ ಬಿಟ್ಟಿದ್ದರೆ ಆಲೂಗಡ್ಡೆಯೂ ನಿಮಗೆ ಆಗದು. ಎಣ್ಣೆ ಕುದಿದರೆ ಎಲ್ಲ ಸತ್ತುಹೋಗುತ್ತದೆ ಎಂಬ ಮಾತು ಸುಳ್ಳು. ಅಲರ್ಜಿ ತರುವುದು ಶೇಂಗಾದ ಪ್ರೋಟೀನ್. ಅದು ಕ್ರಿಮಿಯಲ್ಲ, ಶಾಖಕ್ಕೆ ಸಾಯುವುದಿಲ್ಲ. ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಡಬ್ಬ ನೋಡದೆ ಎರಡನ್ನೂ ಬೇರೆ ಮಾಡಲಾಗದು. ಆದ್ದರಿಂದ ಪ್ರಯಾಣದಲ್ಲಿ ಶೇಂಗಾ ಎಣ್ಣೆ ಅಂದ ಕೂಡಲೇ ಬೇಡ ಅನ್ನಿ.

ಈಗ ಸುಟ್ಟ ಕೋಳಿ. ಮೇಲೆ ಸುರಿಯುವ ಸಾಸ್ ಬೇಡ ಅಂದರೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಮಾಂಸವನ್ನು ಹಿಂದಿನ ರಾತ್ರಿಯೇ ಮಸಾಲೆಯಲ್ಲಿ ನೆನೆಸಿಟ್ಟಿರಬಹುದು. ಹಾಗಾಗಿ ಕೇಳಿ: ಯಾವುದರಲ್ಲಿ ನೆನೆಸಿದಿರಿ? ಆ ಮಸಾಲೆ ಇಲ್ಲೇ ಅರೆದದ್ದೋ, ಡಬ್ಬದ್ದೋ? ಡಬ್ಬದ್ದಾದರೆ ಲೇಬಲ್ ತೋರಿಸುತ್ತೀರಾ? (ಇದೊಂದನ್ನು ಹೌದು-ಇಲ್ಲ ಪ್ರಶ್ನೆಯಾಗಿ ಕೇಳಬಹುದು, ಡಬ್ಬ ನಿಮ್ಮ ಕಣ್ಣ ಮುಂದೆ ಬರುತ್ತದಲ್ಲ.) ಗ್ರೇವಿ ಇದ್ದರೆ, ಅದನ್ನು ಗಟ್ಟಿ ಮಾಡಲು ಏನು ಹಾಕುತ್ತೀರಿ ಎಂದೂ ಕೇಳಿ. ಪುಡಿ, ಪೇಸ್ಟ್ ರೂಪದ ಶೇಂಗಾ ಅಡಗುವುದು ಅಲ್ಲೇ.

ಲೇಬಲ್ ವಿಷಯದಲ್ಲೂ ಒಂದು ಮಾತು. ಯುರೋಪಿಯನ್ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಹೋಟೆಲುಗಳೂ ಕೊಡಬೇಕೆಂಬ ಕಾನೂನು ಇದೆ. ಎಲ್ಲ ಕಡೆ ಹಾಗಿಲ್ಲ. ಇನ್ನು ಪೊಟ್ಟಣದ ಮೇಲಿನ "ಶೇಂಗಾ ಅಂಶ ಇರಬಹುದು" ಎಂಬ ಎಚ್ಚರಿಕೆಯನ್ನು ಹಲವು ದೇಶಗಳಲ್ಲಿ ತಯಾರಕರು ಇಷ್ಟವಿದ್ದರೆ ಹಾಕುತ್ತಾರೆ. ಅದು ಇಲ್ಲ ಅಂದ ಮಾತ್ರಕ್ಕೆ ಪದಾರ್ಥ ಸುರಕ್ಷಿತ ಅಂತ ಅಲ್ಲ.

ಉತ್ತರಗಳು ಹೇಗೆ ಬರುತ್ತಿವೆ ಅನ್ನುವುದನ್ನೂ ಗಮನಿಸಿ. "ಆ ಬಾಣಲೆ ಬೇಡ, ಇದನ್ನು ತೊಳೆದು ಇದರಲ್ಲಿ ಮಾಡುತ್ತೇನೆ" ಅಂದವರಿಗೆ ಅರ್ಥವಾಗಿದೆ. ಎಲ್ಲ ಪ್ರಶ್ನೆಗೂ "ಏನೂ ತೊಂದರೆ ಇಲ್ಲ" ಅಂದರೆ ಅರ್ಥವಾಗಿಲ್ಲ. "ಸ್ವಲ್ಪ ಇದ್ದರೆ ನಡೆಯುತ್ತಾ?" ಅಂತ ತಿರುಗಿ ಕೇಳಿದರೆ ಧನ್ಯವಾದ ಹೇಳಿ ಎದ್ದುಬನ್ನಿ. ಚೀಲದಲ್ಲಿ ಒಂದು ಹೊತ್ತಿನ ಊಟ ಇದ್ದರೆ ಎದ್ದುಬರಲು ಧೈರ್ಯ ಇರುತ್ತದೆ.

5. ತಟ್ಟೆ ಬಂದಾಗ

ಮುಟ್ಟುವ ಮೊದಲು ಇನ್ನೊಮ್ಮೆ ಕಾರ್ಡ್ ತೋರಿಸಿ. ತಟ್ಟೆ ತಂದವರು ಬೇರೆಯವರಾಗಿರಬಹುದು. ಮೇಲೆ ಶೇಂಗಾ ಉದುರಿಸಿದ್ದರೆ ತಟ್ಟೆಯನ್ನು ವಾಪಸ್ ಕಳಿಸಬೇಡಿ, ಹೊಸದು ಬರುವವರೆಗೆ ನಿಮ್ಮ ಮೇಜಿನ ಮೇಲೇ ಇಟ್ಟುಕೊಳ್ಳಿ. ಕಳಿಸಿದರೆ ಕಾಳನ್ನಷ್ಟೇ ಆರಿಸಿ ಅದನ್ನೇ ಮತ್ತೆ ತಂದುಕೊಡುವುದುಂಟು. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆ, ಶೇಂಗಾ ಪ್ರೋಟೀನನ್ನು ತೆಗೆಯುವುದಿಲ್ಲ.

ಆಹಾರದ ಚೂರು ಹಾಕಿ ಪರೀಕ್ಷಿಸುವ ಪುಟ್ಟ ಯಂತ್ರಗಳೂ ಬಂದಿವೆ. ಅದು ಹೇಳುವುದು ಆ ಚೂರಿನ ಕಥೆ ಮಾತ್ರ, ತಟ್ಟೆಯ ಆಚೆ ತುದಿಯದ್ದಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ. ಊಟಕ್ಕೆ ಮುಂಚೆ ಅಲರ್ಜಿ ಮಾತ್ರೆ ನುಂಗಿ ಧೈರ್ಯ ಮಾಡುವುದು ಇನ್ನೂ ಕೆಟ್ಟ ಅಡ್ಡದಾರಿ. ತೀವ್ರ ಪ್ರತಿಕ್ರಿಯೆಯನ್ನು ಅದು ತಡೆಯುವುದಿಲ್ಲ, ಮೊದಲ ಸೂಚನೆಗಳನ್ನು ಮಾತ್ರ ಮುಚ್ಚಿಹಾಕಬಹುದು.

6. ಆದರೂ ಕೈಮೀರಿದರೆ

ವೈದ್ಯರು ಬರೆದುಕೊಟ್ಟ ಅಡ್ರಿನಾಲಿನ್ ಪೆನ್, ಅಂದರೆ ತೀವ್ರ ಅಲರ್ಜಿಯಾದಾಗ ನಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್, ಎರಡು ಇರಲಿ. ವಿಮಾನದಲ್ಲಿ ಕೈಚೀಲದಲ್ಲೇ ಇಡಿ. ಫ್ರಿಜ್‌ನಲ್ಲೂ ಬೇಡ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬೇಡ. ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ದನಿ ಬದಲಾದರೆ, ತಲೆ ತಿರುಗಿ ಕುಸಿಯುವಂತಾದರೆ ಕಾಯಬೇಡಿ. ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ ಆದರೂ ಚುಚ್ಚಿ. ಕಾಲು ಎತ್ತರಿಸಿ ಮಲಗಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಬಹುದು, ಎದ್ದು ಓಡಾಡಬಾರದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಪೆನ್.

ಆ ಹೊತ್ತಿಗೆ ನಿಮಗೆ ಮಾತು ಬರದೇ ಹೋಗಬಹುದು. ಅದಕ್ಕೇ ಬೇರೆ ಬಣ್ಣದ ಇನ್ನೊಂದು ಕಾರ್ಡ್ ಬೇಕು: "ನನಗೆ ತೀವ್ರ ಅಲರ್ಜಿ ಆಗಿದೆ. ತಕ್ಷಣ ಆಂಬುಲೆನ್ಸ್ ಕರೆಯಿರಿ." ಅದರ ಕೆಳಗೆ ಆ ದೇಶದ ತುರ್ತು ಸಂಖ್ಯೆ ಬರೆದು, ಪೆನ್ ಜೊತೆಗೇ ಕಟ್ಟಿಡಿ. ಚುಚ್ಚಿದ ಮೇಲೆ ಹಾಯೆನಿಸಿದರೂ ಆಸ್ಪತ್ರೆಗೆ ಹೋಗಿ, ಯಾಕೆಂದರೆ ಕೆಲವರಿಗೆ ಗಂಟೆಗಳ ನಂತರ ಮತ್ತೆ ಶುರುವಾಗುತ್ತದೆ. ಬಳಸಿದ ಪೆನ್ ಎಸೆಯದೆ ವೈದ್ಯರಿಗೆ ಕೊಡಿ, ಚುಚ್ಚಿದ ಸಮಯವನ್ನೂ ಹೇಳಿ.