ಫೋಟೊ ನಂಬರೇ ಬೇರೆ, ಪುಟದ ನಂಬರೇ ಬೇರೆ

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಹಳೇ ಮಾಸಪತ್ರಿಕೆಯ ಹನ್ನೆರಡು ಸಂಚಿಕೆಗಳನ್ನು ಒಟ್ಟಿಗೆ ಹೊಲಿದ ದಪ್ಪ ಪುಸ್ತಕ ಸಿಕ್ಕಿತು. ಅಚ್ಚಿನದ್ದು, ಕೈಬರಹವಲ್ಲ, ಹಾಗಾಗಿ ಫೋಟೊದಲ್ಲಿನ ಅಕ್ಷರ ಓದಿ ಟೆಕ್ಸ್ಟ್ ಮಾಡಿಕೊಡುವ ಟೆಸರಾಕ್ಟ್ ಅನ್ನೋ ಓಸಿಆರ್ ತಂತ್ರಾಂಶ ಇದನ್ನು ಓದುತ್ತದೆ ಅನ್ನುವ ಧೈರ್ಯ ಇತ್ತು. ಮೊಬೈಲಿನಲ್ಲಿ ಪುಟಕ್ಕೊಂದರಂತೆ 412 ಫೋಟೊ ತೆಗೆದೆ.

ಮೊದಲು ಮಾಡಿದ ತಪ್ಪು ಏನಂದ್ರೆ, ಫೈಲಿಗೆ ಪುಟದ ನಂಬರನ್ನೇ ಹೆಸರಾಗಿ ಕೊಡಲು ಹೊರಟದ್ದು. ಎರಡನೇ ಸಂಚಿಕೆ ಬಂದ ತಕ್ಷಣ ಮತ್ತೆ 1ನೇ ಪುಟ. ರಕ್ಷಾಪುಟಕ್ಕೆ, ಜಾಹೀರಾತಿಗೆ ನಂಬರೇ ಇಲ್ಲ. ಒಂದು ಕಡೆ ಅಚ್ಚಿನವರೇ 27 ಅಂತ ಎರಡು ಸಲ ಹಾಕಿದ್ದಾರೆ! ಆಮೇಲೆ ಹೊಳೆಯಿತು: ಫೈಲಿನ ಹೆಸರು ಹೇಳಬೇಕಾದದ್ದು ಕ್ರಮ ಒಂದನ್ನೇ, ಪುಟದ ನಂಬರು ಬೇರೆ ಪಟ್ಟಿಯಲ್ಲಿರಲಿ.

ಫೋಲ್ಡರ್ ನಾಲ್ಕೇ. `1_mula`ದಲ್ಲಿ ಮೊಬೈಲಿನಿಂದ ಕೇಬಲ್ ಹಾಕಿ ತಂದ ಫೋಟೊಗಳು, ಅವನ್ನು ಮುಟ್ಟುವ ಹಾಗಿಲ್ಲ. (ವಾಟ್ಸಾಪಿನಲ್ಲಿ ಕಳಿಸಿಕೊಳ್ಳಬೇಡಿ, ಫೋಟೊ ಕುಗ್ಗುತ್ತದೆ, ತೆಗೆದ ಸಮಯವಿರುವ ಹೆಸರೂ ಹೋಗುತ್ತದೆ.) `2_puta`ದಲ್ಲಿ ಹೊಸ ಹೆಸರಿನ ನಕಲು, `3_ocr`ನಲ್ಲಿ ಯಂತ್ರ ಓದಿದ್ದು, `4_tiddida`ದಲ್ಲಿ ನಾನು ತಿದ್ದಿದ್ದು. ಮೊದಲು ಕೊನೆಯ ಎರಡೂ ಒಂದೇ ಆಗಿತ್ತು. ಒಂದು ರಾತ್ರಿ ಓಸಿಆರ್ ಮತ್ತೆ ಓಡಿಸಿದೆ, ಎರಡು ಸಂಜೆ ಕೂತು ತಿದ್ದಿದ ಪುಟಗಳ ಮೇಲೆಲ್ಲ ಅದು ಹೊಸದಾಗಿ ಬರೆದು ಕೂತಿತು. ಅವತ್ತೇ ನಾಲ್ಕನೇ ಫೋಲ್ಡರ್ ಹುಟ್ಟಿದ್ದು.

ಹೆಸರಿನಲ್ಲಿ ನಂಬರ್ ಹತ್ತತ್ತು ಬಿಟ್ಟು ಹಾಕಿದೆ:

```
i=10
for f in 1_mula/*.jpg; do
  n=$(printf %04d $i)
  cp "$f" "2_puta/ms1_$n.jpg"
  i=$((i+10))
done
```

ಮುಂದೆ ಸೊನ್ನೆ ಸೇರಿಸಿ ನಾಲ್ಕು ಅಂಕಿ ಮಾಡದಿದ್ದರೆ 100 ಬಂದು 20ರ ಮುಂದೆ ಕೂರುತ್ತದೆ, ಅದು ಎಲ್ಲರಿಗೂ ಗೊತ್ತು. ಹತ್ತರ ಅಂತರ ಯಾಕೆ ಅನ್ನೋದು ನನಗೂ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ 1, 2, 3 ಅಂತಲೇ ಹಾಕಿದ್ದೆ, ಮಧ್ಯೆ ಒಂದು ಪುಟ ಬಿಟ್ಟುಹೋದದ್ದು ಕಂಡಾಗ ಅಲ್ಲಿಂದಾಚೆಯ ಎಲ್ಲ ಹೆಸರೂ, ಟಿಪ್ಪಣಿಯೂ ಬದಲಾಗಬೇಕಾಯಿತು.

ಪುಟ ಬಿಟ್ಟುಹೋದದ್ದು ಗೊತ್ತಾಗೋದು ಪಟ್ಟಿಯಿಂದ. 412 ಪುಟಕ್ಕೂ ಅಚ್ಚಿನ ನಂಬರನ್ನು ಕಣ್ಣಿಂದ ನೋಡಿ ನಾನೇ ಟೈಪ್ ಮಾಡಿದೆ. ಓಸಿಆರನ್ನು ನಂಬಲಿಲ್ಲ. ೩, ೬, ೯ ಹಳೇ ಅಚ್ಚಿನಲ್ಲಿ ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಸೊನ್ನೆಗೂ ಅನುಸ್ವಾರಕ್ಕೂ ಅದು ಗೊಂದಲ ಮಾಡಿಕೊಳ್ಳುತ್ತದೆ. ಟೈಪ್ ಮಾಡುತ್ತಾ ಹೋದಾಗ ಜೂನ್ ಸಂಚಿಕೆಯಲ್ಲಿ 39 ಆದ ಮೇಲೆ ನೇರವಾಗಿ 42. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದೆ, ಅಷ್ಟೇ. ಹೀಗೆ ಆದಾಗ ಯಾವಾಗಲೂ ಎರಡು ಪುಟ ಹೋಗುತ್ತವೆ, ಎಡದ್ದೊಂದು ಬಲದ್ದೊಂದು. ಒಂದೇ ನಂಬರ್ ತಪ್ಪಿದ್ದರೆ ಹಾಳೆ ಮಗುಚಿದ್ದು ಸರಿಯೇ ಇದೆ, ಆ ಬದಿಯ ಫೋಟೊ ತೆಗೆಯಲು ಮರೆತಿದ್ದೇನೆ ಅಥವಾ ಅಚ್ಚಿನವರದ್ದೇ ತಪ್ಪು. ಯಾವುದು ಅಂತ ನೋಡಲು ಹಿಂದಿನ ಪುಟದ ಕೊನೆಯ ಸಾಲು ಮುಂದಿನ ಪುಟದ ಮೊದಲ ಸಾಲಿಗೆ ಕೂಡುತ್ತದಾ ಓದಿದರೆ ಸಾಕು. ಆ ಎರಡು ಪುಟಗಳ ಫೋಟೊ ತೆಗೆದು ಮಧ್ಯೆ ತೂರಿಸಿದೆ:

```
ms1_1370,ಜೂನ್,39,
ms1_1373,ಜೂನ್,40,ಆಮೇಲೆ ತೆಗೆದದ್ದು
ms1_1376,ಜೂನ್,41,ಆಮೇಲೆ ತೆಗೆದದ್ದು
ms1_1380,ಜೂನ್,42,
```

ಬೇರೆ ಯಾವ ಹೆಸರೂ ಅಲುಗಲಿಲ್ಲ. ಹೆಸರು ಹಾಕುವ ಆ ಸ್ಕ್ರಿಪ್ಟನ್ನು ಮಾತ್ರ ಮತ್ತೆ ಓಡಿಸಬಾರದು, ಅದು ಒಂದೇ ಸಲದ ಕೆಲಸ.

ಓಸಿಆರ್ ಹೀಗೆ, ಆಗಿರುವುದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ:

```
for f in 2_puta/*.jpg; do
  n=$(basename "$f" .jpg)
  [ -e "3_ocr/$n.txt" ] ||
    tesseract "$f" "3_ocr/$n" -l kan
done
```

ಕರೆಂಟ್ ಹೋಗಿ ಅರ್ಧಕ್ಕೆ ನಿಂತರೂ ಮತ್ತೆ ಓಡಿಸಬಹುದು, ಕೊನೆಯ ಒಂದು ಫೈಲ್ ಖಾಲಿಯೋ ಅರೆಬರೆಯೋ ಇದೆಯಾ ಅಂತ ಮಾತ್ರ ನೋಡಿ ಅಳಿಸಬೇಕು. ನನ್ನ ಪತ್ರಿಕೆಯಲ್ಲಿ ಎರಡು ಕಾಲಂ ಇರುವ ಪುಟಗಳೇ ಜಾಸ್ತಿ ತೊಂದರೆ ಕೊಟ್ಟವು, ಫೋಟೊ ಬಾಗಿದ್ದರೆ ಎಡದ ಸಾಲು ಬಲದ ಸಾಲಿಗೆ ಹೋಗಿ ಅಂಟುತ್ತಿತ್ತು. ಅಂಥವನ್ನು ಸುಮ್ನೆ ಮತ್ತೆ ನೆಟ್ಟಗೆ ತೆಗೆದು ಅದೇ ಹೆಸರಿಗೆ ಹಾಕಿದೆ, ಹಳೇ ಟೆಕ್ಸ್ಟ್ ಅಳಿಸಿ ಇನ್ನೊಮ್ಮೆ ಓದಿಸಿದೆ.

ತಿದ್ದಿ ಮುಗಿದ ಮೇಲೆ ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸುವಾಗ ಪ್ರತಿ ಪುಟದ ತಲೆಯಲ್ಲಿ `[[ms1_1373]]` ಅಂತ ಗುರುತು ಬರುವ ಹಾಗೆ ಮಾಡಿದೆ. ಯಾವುದಾದರೂ ಸಾಲಿನ ಮೇಲೆ ಅನುಮಾನ ಬಂದರೆ ಅದರ ಮೇಲಿನ ಗುರುತು ನೋಡಿ ಫೋಟೊ ತೆರೆಯುತ್ತೇನೆ, ಯಾರಾದರೂ ಕೇಳಿದರೆ ಪಟ್ಟಿ ನೋಡಿ "ಜೂನ್ ಸಂಚಿಕೆ, ಪುಟ 40" ಅನ್ನುತ್ತೇನೆ. ಒಂದು ಸಣ್ಣ ಕಿರಿಕಿರಿ: ಪುಟದ ಕೊನೆಯಲ್ಲಿ ಪದ ಮುರಿದು "ಹೊರಟಿ-" ಅಂತ ನಿಂತು ಮುಂದಿನ ಪುಟದಲ್ಲಿ "ದ್ದರು" ಬಂದರೆ, ಗುರುತು ಪದದ ಹೊಟ್ಟೆಯಲ್ಲೇ ಕೂರುತ್ತದೆ, ಹುಡುಕಿದರೆ ಆ ಪದ ಸಿಗೋದಿಲ್ಲ. ಅದಕ್ಕೇ ಇಡೀ ಪದವನ್ನು ಮೊದಲ ಪುಟಕ್ಕೇ ಬರೆಯುತ್ತೇನೆ.